ಮನೆಗೆ ಬಣ್ಣ: ಚದರ ಅಡಿ ಲೆಕ್ಕವೇ, ದಿನಗೂಲಿಯೇ?

ಮನೆಗಾಗಲಿ, ಗುರುನಿವಾಸಕ್ಕಾಗಲಿ ಬಣ್ಣ ಬಳಿಸುವಾಗ ಪೇಂಟರ್ ಜೊತೆ ಎರಡು ಬಗೆಯಲ್ಲಿ ಮಾತಾಡಬಹುದು. ಒಂದು, ಚದರ ಅಡಿಗೆ ಇಷ್ಟು ಎಂಬ ದರ. ಇನ್ನೊಂದು, ದಿನಗೂಲಿ ಕೊಟ್ಟು ಸಾಮಗ್ರಿಯ ಖರ್ಚನ್ನು ಬೇರೆಯಾಗಿ ಭರಿಸುವುದು. ಚದರ ಅಡಿ ಲೆಕ್ಕದಲ್ಲಿ ಕೆಲಸ ತಡವಾದರೆ ನಷ್ಟ ಪೇಂಟರಿಗೆ; ದಿನಗೂಲಿಯಲ್ಲಿ ತಡವಾದರೆ ನಷ್ಟ ನಮಗೆ. ಆಯ್ಕೆಗೆ ಮುಂಚೆ ಗೋಡೆ ಎಷ್ಟು ಕೆಲಸ ಬೇಡುತ್ತದೆ ಎಂಬುದನ್ನು ನೋಡಬೇಕು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಇದನ್ನು ಊಹಿಸುವುದು ಕಷ್ಟ. ಅಲ್ಲಿನ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ನಿಂತ ಗೋಡೆ ಬಿರುಕು ಬಿಡುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನೆರೆ ನುಗ್ಗಿದಂಥ ಕಡೆ ಗೋಡೆಯೊಳಗೆ ಉಪ್ಪು ಉಳಿದು ಬಣ್ಣ ಉದುರುವುದೂ ಉಂಟು.

ಒಂದು ಲೆಕ್ಕ ನೋಡೋಣ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಗೆ ನಾಲ್ಕು ಗೋಡೆ 440 ಚದರ ಅಡಿ, ಛಾವಣಿ 120. ಬಾಗಿಲು, ಕಿಟಕಿಗಳ 53 ಕಳೆದರೆ ಉಳಿಯುವುದು 507. ಕೂಲಿ ಮಾತ್ರ ಚದರ ಅಡಿಗೆ 9 ರೂಪಾಯಿ ಎಂದಿಟ್ಟುಕೊಂಡರೆ 4,563 ರೂಪಾಯಿ. ಇಬ್ಬರ ದಿನಗೂಲಿ 1,600 ಆದರೆ ಇದು ಮೂರು ದಿನಕ್ಕೂ ಸಾಲದು. ಬಿರುಕು ಕೆತ್ತಿ ತುಂಬಲು ಒಂದು ದಿನ ಹೆಚ್ಚು ಹಿಡಿದರೆ ಪೇಂಟರಿಗೆ 1,600 ನಷ್ಟ. ಆದ್ದರಿಂದ ಅವರು ಬಿರುಕಿನ ಮೇಲೆಯೇ ಪುಟ್ಟಿ ಸವರಿ ಮುಂದೆ ಹೋಗುವ ಸಂಭವವಿದೆ. ಮುಂದಿನ ಬೇಸಿಗೆಗೆ ಅದೇ ಗೆರೆ ಮತ್ತೆ ಕಾಣುತ್ತದೆ.

ಹಾಗಾಗಿ ಹಳೆಯ ಗೋಡೆಗೆ ಕೆಲಸವನ್ನು ಎರಡಾಗಿ ಒಡೆಯುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕೆರೆಯುವುದು, ಬಿರುಕು ತುಂಬುವುದು ದಿನಗೂಲಿಗೆ, ಗರಿಷ್ಠ ಇಷ್ಟು ದಿನ ಎಂದು ಮೊದಲೇ ಗೊತ್ತುಮಾಡಿ. ಪುಟ್ಟಿ, ಪ್ರೈಮರ್, ಎರಡು ಕೋಟು ಬಣ್ಣ ಚದರ ಅಡಿ ಲೆಕ್ಕಕ್ಕೆ. ತಯಾರಿ ಬೇರೆಯಾದ್ದರಿಂದ ಈ ದರ ಕಡಿಮೆಯಾಗಬೇಕು. 6 ರೂಪಾಯಿಯಾದರೆ 3,042. ಒಂದು ದಿನದ ತಯಾರಿ ಸೇರಿ 4,642, ಎರಡು ದಿನವಾದರೆ 6,242. ಹೆಚ್ಚಿನ ಹಣ ಯಾವ ಕೆಲಸಕ್ಕೆ ಹೋಯಿತೆಂದು ಕಣ್ಣಿಗೇ ಕಾಣುತ್ತದೆ. ಹೊಸ, ಒಣಗಿದ, ನುಣುಪಾದ ಗೋಡೆಗಾದರೆ ಪೂರ್ತಿ ಚದರ ಅಡಿ ಲೆಕ್ಕವೇ ಸಾಕು.

ಮಾತಿಗೆ ಮುಂಚೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಸುತ್ತಲೂ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಗೋಡೆ ಬದಿಯಲ್ಲಿ ಹನಿ ಕಂಡರೆ ತೇವ ಇನ್ನೂ ಇದೆ; ಯಾವ ಲೆಕ್ಕದಲ್ಲೂ ಆಗ ಬಣ್ಣ ಬಳಿಸಬೇಡಿ.

ಸಾಮಗ್ರಿ ಪೇಂಟರದೇ ಆದರೆ ಖಾಲಿ ಡಬ್ಬಿಗಳನ್ನು ಎಣಿಸಿ. ಎರಡು ಕೋಟಿಗೆ ಲೀಟರಿಗೆ 50 ಚದರ ಅಡಿ ಎಂದು ಡಬ್ಬಿಯ ಮೇಲಿದ್ದರೆ ಈ ಕೋಣೆಗೆ ಸುಮಾರು 10 ಲೀಟರ್ ಬೇಕು. ಆರೇ ಲೀಟರ್ ಮುಗಿದಿದ್ದರೆ ಒಂದೋ ಕೋಟು ತಪ್ಪಿದೆ, ಇಲ್ಲವೇ ನೀರು ಹೆಚ್ಚಾಗಿದೆ. ಬಾಗಿಲು-ಕಿಟಕಿ ಕಳೆಯುವುದೋ ಇಲ್ಲವೋ, ಎಷ್ಟು ಕೋಟು ಎಂಬುದನ್ನು ಕೆಲಸಕ್ಕೆ ಮುಂಚೆಯೇ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.