ಮದುವೆ ರದ್ದತಿ: ಮುಚ್ಚಿಟ್ಟಿದ್ದನ್ನು ಸಾಬೀತು ಮಾಡುವುದು ಹೇಗೆ?

ವಿಚ್ಛೇದನವು ಕ್ರಮಬದ್ಧವಾಗಿ ನಡೆದ ಮದುವೆಯನ್ನು ಕೊನೆಗೊಳಿಸುತ್ತದೆ. ರದ್ದತಿಯಲ್ಲಿ ಹಾಗಲ್ಲ, ದೋಷ ಮದುವೆಯ ದಿನವೇ ಇತ್ತೆಂದು ತೋರಿಸಬೇಕು. ಹಿಂದೂ ವಿವಾಹ ಕಾಯ್ದೆ, 1955ರ 12ನೇ ಕಲಮು ಇದಕ್ಕೆ ಅವಕಾಶ ಕೊಡುತ್ತದೆ. ಮದುವೆಯ ನಂತರ ಬಂದ ಕಾಯಿಲೆ ಈ ಕಲಮಿನಡಿ ಲೆಕ್ಕಕ್ಕೆ ಬರುವುದಿಲ್ಲ.

ಮಾನಸಿಕ ಕಾಯಿಲೆಯ ವಿಷಯದಲ್ಲಿ ಎರಡು ದಾರಿಗಳಿವೆ. ಕಾಯಿಲೆಯಿಂದಾಗಿ ವ್ಯಕ್ತಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇರಲಿಲ್ಲ, ಅಥವಾ ಸಂಸಾರಕ್ಕೂ ಸಂತಾನಕ್ಕೂ ಯೋಗ್ಯವಾಗಿರಲಿಲ್ಲ ಎನ್ನುವುದು ಮೊದಲನೆಯದು. ಇಲ್ಲಿ ಕಾಯಿಲೆಯ ಹೆಸರಿಗಿಂತ ತೀವ್ರತೆ ಮುಖ್ಯ. ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿಯೊಂದೇ ಸಾಲದು, ಅದು ಯಾವ ಮಟ್ಟದಲ್ಲಿದೆ ಎಂಬುದನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ವಿಚ್ಛೇದನದ ಪ್ರಕರಣವೊಂದರಲ್ಲಿ ಹೇಳಿತು. ಔಷಧಿ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತ, ಮನೆ ನಡೆಸುತ್ತಿರುವವರನ್ನು ಮದುವೆಗೆ ಅನರ್ಹರೆನ್ನುವುದು ಅನ್ಯಾಯವೇ ಸರಿ.

ಎರಡನೆಯ ದಾರಿ ವಂಚನೆ. ಎದುರಿನವರಿಗೆ ಸಂಬಂಧಿಸಿದ ಮಹತ್ವದ ಸಂಗತಿಯನ್ನು ಮರೆಮಾಚಿ ಒಪ್ಪಿಗೆ ಪಡೆದದ್ದೂ ವಂಚನೆಯೇ ಎಂದು 1976ರ ತಿದ್ದುಪಡಿ ಸ್ಪಷ್ಟಪಡಿಸಿತು. ಇಲ್ಲಿ ಪ್ರಶ್ನೆ ಕಾಯಿಲೆಯ ತೀವ್ರತೆಯಷ್ಟೇ ಅಲ್ಲ: ಯಾರಿಗೆ ಏನು ಗೊತ್ತಿತ್ತು, ಏನು ಹೇಳಿದರು, ಏನು ಬಿಟ್ಟರು?

ಇದಕ್ಕೆ ಪುಣೆಯ ಒಂದು ಪ್ರಕರಣ ಒಳ್ಳೆಯ ನಿದರ್ಶನ. 1956ರಲ್ಲಿ ಮದುವೆಗೆ ಕೆಲವೇ ದಿನಗಳ ಮೊದಲು ಹುಡುಗಿಯ ತಂದೆ ವರನ ಕಡೆಯವರಿಗೆ ಎರಡು ಪತ್ರ ಬರೆದರು. ಮಗಳಿಗೆ ಬಿಸಿಲಿನ ಹೊಡೆತದಿಂದ ಕೆಲಕಾಲ ಬುದ್ಧಿಗೆ ತೊಂದರೆಯಾಗಿತ್ತು, ಮಿದುಳು ಮಲೇರಿಯಾ ಕೂಡ ಬಂದಿತ್ತು, ಈಗ ವಾಸಿಯಾಗಿದೆ, ಬೇಕಾದರೆ ವೈದ್ಯರನ್ನು ವಿಚಾರಿಸಿ ಎಂಬುದು ಅವುಗಳ ಸಾರ. ಮೂವರು ಮಕ್ಕಳಾದ ಮೇಲೆ, 1962ರಲ್ಲಿ, ಗಂಡ ನ್ಯಾಯಾಲಯಕ್ಕೆ ಹೋದ. ಆಕೆಗೆ ಹಿಂದೆ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆಯಾಗಿತ್ತು, ಅದನ್ನು ಬೇರೆ ಹೆಸರಿಟ್ಟು ಮುಚ್ಚಿದರು ಎಂಬುದು ಅವನ ವಾದ. ಕೆಳಗಿನ ನ್ಯಾಯಾಲಯಗಳು ವಂಚನೆಯನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ಮುಂದೆ ಉಳಿದದ್ದು ಕ್ರೌರ್ಯದ ಪ್ರಶ್ನೆ ಮಾತ್ರ. ಅದರಲ್ಲೂ ಗಂಡ ಗೆಲ್ಲಲಿಲ್ಲ. ಆದರೆ 1975ರ ಆ ತೀರ್ಪು ಇಂದಿಗೂ ಉಪಯೋಗಕ್ಕೆ ಬರುವ ಒಂದು ಅಳತೆಗೋಲು ಕೊಟ್ಟಿತು: ವೈವಾಹಿಕ ವ್ಯಾಜ್ಯದಲ್ಲಿ ಕೊಲೆ ಮೊಕದ್ದಮೆಯಂತೆ ಸಂದೇಹಾತೀತ ಪುರಾವೆ ಬೇಡ, ಯಾವ ಕಡೆ ಸಂಭವನೀಯತೆ ಹೆಚ್ಚಿದೆ ಎಂದು ತೂಗಿ ನೋಡಿದರೆ ಸಾಕು.

ಹಾಗೆಂದ ಮಾತ್ರಕ್ಕೆ ಸಾಬೀತು ಸುಲಭವೇನಲ್ಲ. ಹೊರೆ ಅರ್ಜಿದಾರರದೇ. ಬೀರುವಿನಲ್ಲಿ ಸಿಕ್ಕ ಮಾತ್ರೆ ಚೀಟಿ ಹಿಡಿದು ಬಂದವರ ಅರ್ಜಿ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಏಕೆಂದರೆ ನಿದ್ದೆಗೂ ಆತಂಕಕ್ಕೂ ಅಂಥ ಮಾತ್ರೆ ಕೊಡುತ್ತಾರೆ. ಮದುವೆಗೆ ಮುಂಚಿನ ದಿನಾಂಕದ ಆಸ್ಪತ್ರೆ ದಾಖಲೆ ಬೇಕು. ಚಿಕಿತ್ಸೆ ಕೊಟ್ಟ ವೈದ್ಯರು ಕಟಕಟೆಗೆ ಬಂದು ಅದನ್ನು ವಿವರಿಸಿ, ಪಾಟೀಸವಾಲು ಎದುರಿಸಬೇಕು. ರೋಗಿಯ ಗೋಪ್ಯತೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ರಕ್ಷಣೆ ಇರುವುದರಿಂದ ಆಸ್ಪತ್ರೆಗಳು ಕಡತವನ್ನು ಕೇಳಿದವರ ಕೈಗೆ ಕೊಡುವುದಿಲ್ಲ. ನ್ಯಾಯಾಲಯದ ಮೂಲಕವೇ ತರಿಸಬೇಕು. ವೈದ್ಯಕೀಯ ತಪಾಸಣೆಗೆ ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮೇಲ್ನೋಟಕ್ಕೆ ಬಲವಾದ ಆಧಾರವಿರಬೇಕು. ಆದೇಶವಾದ ಮೇಲೂ ತಪಾಸಣೆಗೆ ಒಪ್ಪದಿದ್ದರೆ ನ್ಯಾಯಾಲಯ ಅದನ್ನು ಅವರ ವಿರುದ್ಧವೇ ಗ್ರಹಿಸಬಹುದು.

ಗುರುತಿನ ವಂಚನೆಯಲ್ಲಿ ಕಾಗದಪತ್ರಗಳೇ ಹೆಚ್ಚು ಮಾತಾಡುತ್ತವೆ. ವಿಚ್ಛೇದಿತ ವರನೊಬ್ಬ ಅವಿವಾಹಿತ ಎಂದು ಹೇಳಿಕೊಂಡನೆನ್ನಿ. ಮೊದಲ ಮದುವೆಯ ವಿಚ್ಛೇದನದ ಡಿಕ್ರಿಯ ದೃಢೀಕೃತ ಪ್ರತಿ ಸತ್ಯವನ್ನು ತೋರಿಸುತ್ತದೆ. ಅವನು ಕಳಿಸಿದ ಬಯೋಡೇಟಾ ಮತ್ತು ವಾಟ್ಸಾಪ್ ಸಂದೇಶ ಸುಳ್ಳನ್ನು ತೋರಿಸುತ್ತವೆ. ಮೊಬೈಲ್ ಸಂದೇಶಗಳ ಮುದ್ರಿತ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕು. ಮಾತುಕತೆಗೆ ಕೂತ ಹಿರಿಯರ ಸಾಕ್ಷ್ಯವೂ ಬೇಕು, ಏಕೆಂದರೆ "ಎಲ್ಲವನ್ನೂ ಬಾಯಿಮಾತಿನಲ್ಲಿ ಹೇಳಿದ್ದೆವು" ಎನ್ನುವುದೇ ಇಂಥ ಕಡೆ ಬರುವ ಮೊದಲ ಉತ್ತರ. ಸಂಬಳವನ್ನು ಸ್ವಲ್ಪ ಹೆಚ್ಚಿಸಿ ಹೇಳಿದಂಥ ಉತ್ಪ್ರೇಕ್ಷೆಯನ್ನು ನ್ಯಾಯಾಲಯಗಳು ಸುಲಭಕ್ಕೆ ವಂಚನೆ ಎನ್ನುವುದಿಲ್ಲ. ಮೊದಲ ಹೆಂಡತಿ ಇದ್ದು ಆ ಮದುವೆ ಚಾಲ್ತಿಯಲ್ಲಿದ್ದರೆ ಮಾತ್ರ ಕಥೆ ಬೇರೆ: ಆಗ ಎರಡನೆಯ ಮದುವೆ 11ನೇ ಕಲಮಿನಡಿ ಮೊದಲಿಂದಲೇ ಶೂನ್ಯ.

ಹೆಚ್ಚಿನವರು ಎಡವುವುದು ಗಡುವಿನಲ್ಲಿ. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಿಳಿದ ಮೇಲೂ ಮನಃಪೂರ್ವಕವಾಗಿ ಸಂಸಾರ ಮುಂದುವರಿಸಿದ್ದರೆ ಹಕ್ಕು ಹೋಗುತ್ತದೆ. ಹಿರಿಯರು ಪಂಚಾಯಿತಿ ಮಾಡಿ, "ಸ್ವಲ್ಪ ದಿನ ನೋಡೋಣ" ಎಂದು ಮತ್ತೆ ಕಳಿಸಿಕೊಡುವ ನಮ್ಮ ವಾಡಿಕೆ ಎಷ್ಟೋ ನೈಜ ಪ್ರಕರಣಗಳನ್ನು ಇಲ್ಲೇ ಕೆಡಿಸಬಲ್ಲದು. ಮಾನಸಿಕ ಅನರ್ಹತೆಯ ಮೊದಲ ದಾರಿಗೆ ಈ ಒಂದು ವರ್ಷದ ಮಿತಿ ಇಲ್ಲ. ಆದರೆ ಕಾರಣವಿಲ್ಲದ ವಿಳಂಬ ಅಲ್ಲಿಯೂ ಮುಳುವಾಗಬಹುದು.

ಮದುವೆ ರದ್ದಾದರೂ ಅದರಿಂದ ಹುಟ್ಟಿದ ಮಕ್ಕಳು 16ನೇ ಕಲಮಿನ ಪ್ರಕಾರ ಔರಸರೇ. ತಂದೆತಾಯಿಯ ಆಸ್ತಿಯಲ್ಲಿ ಅವರ ಹಕ್ಕು ಉಳಿಯುತ್ತದೆ. 25ನೇ ಕಲಮಿನಡಿ ಜೀವನಾಂಶ ಕೇಳಲೂ ಅವಕಾಶವಿದೆ.