ಸೆಟ್ಟರ್ ಬೇಕು: ಏಜೆನ್ಸಿಗೆ ಬರೆಯುವ ಮೇಲ್

"ಸಿಎನ್‌ಸಿ ಆಪರೇಟರ್ ಅರ್ಜೆಂಟಾಗಿ ಬೇಕು. ಅನುಭವ ಮೂರರಿಂದ ಐದು ವರ್ಷ. ಸ್ಥಳ ಪೀಣ್ಯ. ಒಳ್ಳೆಯ ಸಂಬಳ." ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಿಂದ ನೇಮಕಾತಿ ಏಜೆನ್ಸಿಗಳಿಗೆ ಇಂಥ ಮೇಲ್‌ಗಳು ಹೋಗುತ್ತಲೇ ಇರುತ್ತವೆ. ಎರಡು ದಿನದಲ್ಲಿ ರೆಸ್ಯೂಮೆಗಳ ರಾಶಿ ಬಂದು ಬೀಳುತ್ತದೆ. ಸಂದರ್ಶನಕ್ಕೆ ಬಂದವರಲ್ಲಿ ಅರ್ಧ ಜನ ಲೇತ್ ನಡೆಸಿದವರು. ಕಾರ್ಖಾನೆಗೆ ಬೇಕಿದ್ದದ್ದು ಮಿಲ್ಲಿಂಗ್ ಯಂತ್ರದವರು. ಉಳಿದವರಿಗೆ ಪೀಸು ಕಟ್ಟಿ ಬಟನ್ ಒತ್ತುವುದು ಗೊತ್ತು, ಯಂತ್ರವನ್ನು ಹೊಸ ಕೆಲಸಕ್ಕೆ ಅಣಿ ಮಾಡುವುದು ಗೊತ್ತಿಲ್ಲ. ಮಾಲೀಕರು ಏಜೆನ್ಸಿಯನ್ನು ಬೈಯುತ್ತಾರೆ. ನನ್ನ ಲೆಕ್ಕದಲ್ಲಿ ತಪ್ಪು ಮೇಲ್‌ನದ್ದು.

ಏಜೆನ್ಸಿಯಲ್ಲಿ ಕೂತು ಫೋನ್ ಮಾಡುವ ಹುಡುಗಿಗೋ ಹುಡುಗನಿಗೋ ಬೆಳಿಗ್ಗೆ ಬ್ಯಾಂಕಿನ ಸೇಲ್ಸ್ ಕೆಲಸ, ಮಧ್ಯಾಹ್ನ ಆಸ್ಪತ್ರೆಯ ನರ್ಸ್ ಕೆಲಸ, ಸಂಜೆ ನಿಮ್ಮ ಯಂತ್ರದ ಕೆಲಸ. ಅವರು ಮೆಷಿನ್ ಶಾಪ್ ನೋಡಿಯೇ ಇರಲಿಕ್ಕಿಲ್ಲ. ನೀವು ಕೊಟ್ಟ ಪದಗಳನ್ನು ರೆಸ್ಯೂಮೆಯಲ್ಲಿ ಹುಡುಕುವುದಷ್ಟೇ ಅವರಿಗಿರುವ ದಾರಿ. "ಸಿಎನ್‌ಸಿ" ಎಂದು ಬರೆದರೆ ಸಿಎನ್‌ಸಿ ಎಂದಿರುವ ಎಲ್ಲರೂ ಬರುತ್ತಾರೆ. ಯಂತ್ರದ ಗಂಧವಿಲ್ಲದವರೂ ಹತ್ತು ನಿಮಿಷದ ಫೋನಿನಲ್ಲಿ ಜೊಳ್ಳು ತೂರಿ ಕಾಳು ಉಳಿಸಿಕೊಳ್ಳುವಂತಿರಬೇಕು ಆ ಮೇಲ್. ಹಾಗಾಗಿ ಕೇಳಿ ತಿಳಿಯಬಹುದಾದ ಸಾಲುಗಳೇ ಅದರಲ್ಲಿರಬೇಕು. "ಶ್ರಮಜೀವಿ", "ತಂಡದಲ್ಲಿ ಬೆರೆಯುವವರು" ಎಂಬಂಥವನ್ನು ಫೋನಿನಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಅವು ಬೇಡ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಲವತ್ತು ಜನರ ಕಾರ್ಖಾನೆ, ಮೂರು ವಿಎಂಸಿ ಯಂತ್ರಗಳು. ವಿಎಂಸಿ ಎಂದರೆ ಲಂಬವಾಗಿ ನಿಂತ ಕಟ್ಟರ್ ತಿರುಗುತ್ತಾ, ಮೇಜಿಗೆ ಬಿಗಿದ ಲೋಹದ ತುಂಡನ್ನು ಕೊರೆಯುವ ಕಂಪ್ಯೂಟರ್ ಚಾಲಿತ ಮಿಲ್ಲಿಂಗ್ ಯಂತ್ರ. ಸಿಎನ್‌ಸಿ ಲೇತಿನಲ್ಲಿ ಇದು ತಿರುವುಮುರುವು: ಅಲ್ಲಿ ಲೋಹ ತಿರುಗುತ್ತದೆ, ಟೂಲು ಸುತ್ತುವುದಿಲ್ಲ. ಎರಡೂ ಸಿಎನ್‌ಸಿಯೇ. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಮರುದಿನವೇ ಕೈ ಹಾಕಲಾಗದು.

ಈ ಯಂತ್ರದ ಸುತ್ತ ಮೂರು ಬಗೆಯ ಕೆಲಸಗಾರರಿರುತ್ತಾರೆ. ಆಪರೇಟರ್ ಪೀಸು ಕಟ್ಟುತ್ತಾರೆ, ಬಟನ್ ಒತ್ತುತ್ತಾರೆ, ಬಿಚ್ಚಿ ಅಳತೆ ನೋಡುತ್ತಾರೆ. ಸೆಟ್ಟರ್ ಹೊಸ ಜಾಬ್ ಬಂದಾಗ ವೈಸ್ ಅಥವಾ ಫಿಕ್ಸ್ಚರ್ ಕೂರಿಸಿ, ಟೂಲುಗಳನ್ನು ಹಾಕಿ, ತುಂಡು ಎಲ್ಲಿದೆ, ಪ್ರತಿ ಟೂಲು ಎಷ್ಟು ಉದ್ದ ಎಂಬುದನ್ನು ಯಂತ್ರಕ್ಕೆ ತಿಳಿಸಿ, ಮೊದಲ ಪೀಸನ್ನು ಡ್ರಾಯಿಂಗಿನ ಅಳತೆಗೆ ತರುತ್ತಾರೆ. ಪ್ರೋಗ್ರಾಮರ್ ಯಂತ್ರ ಓದುವ ಪ್ರೋಗ್ರಾಂ ಬರೆಯುತ್ತಾರೆ. ರೆಸ್ಯೂಮೆಯಲ್ಲಿ ಮಾತ್ರ ಮೂವರೂ "ಸಿಎನ್‌ಸಿ ಆಪರೇಟರ್ ಕಂ ಪ್ರೋಗ್ರಾಮರ್" ಆಗಿರುತ್ತಾರೆ! ನಮ್ಮ ಕಾರ್ಖಾನೆಗೆ ಬೇಕಾಗಿರುವುದು ಸೆಟ್ಟರ್. ಮೇಲ್‌ನ ಸಬ್ಜೆಕ್ಟ್ ಸಾಲಿನಲ್ಲೇ ಅದು ಬರಬೇಕು: "ವಿಎಂಸಿ ಸೆಟ್ಟರ್, ಫಾನುಕ್ ಕಂಟ್ರೋಲ್, ಪೀಣ್ಯ 2ನೇ ಹಂತ, 2 ಹುದ್ದೆ".

ಇಂಥ ಪತ್ರಗಳು ಇಂಗ್ಲಿಷಿನಲ್ಲಿ ಹೋಗುವುದೇ ವಾಡಿಕೆ. ಕನ್ನಡದಲ್ಲಿ ಬರೆದರೆ ಅದರ ನಡುಭಾಗ ಹೀಗಿರಬಹುದು:

"ಕಡ್ಡಾಯವಾಗಿ ಬೇಕಾದ್ದು: ಫಾನುಕ್ ಕಂಟ್ರೋಲಿನ ಮೂರು ಆಕ್ಸಿಸ್ ವಿಎಂಸಿಯಲ್ಲಿ ಸ್ವತಂತ್ರವಾಗಿ ಸೆಟ್ಟಿಂಗ್ ಮಾಡಿದ ಎರಡು ವರ್ಷದ ಅನುಭವ. ಡ್ರಾಯಿಂಗ್ ಓದಲು ಬರಬೇಕು. ಮೈಕ್ರೋಮೀಟರ್, ಬೋರ್ ಗೇಜ್ ಬಳಸಲು ಬರಬೇಕು. ಇದ್ದರೆ ಒಳ್ಳೆಯದು: ನಾಲ್ಕನೇ ಆಕ್ಸಿಸ್ ಅನುಭವ. ಐಟಿಐ, ಡಿಪ್ಲೊಮಾ, ಜಿಟಿಟಿಸಿ, ಎನ್‌ಟಿಟಿಎಫ್ ಯಾವುದಾದರೂ ಸರಿ. ಏನೂ ಓದದೆ ಕೆಲಸದಲ್ಲೇ ಕಲಿತವರಾದರೂ ಸರಿ. ಸಿಎನ್‌ಸಿ ಲೇತ್ ಮಾತ್ರ ನಡೆಸಿದವರನ್ನು ಕಳಿಸಬೇಡಿ. ಮಹಿಳೆಯರೂ ಅರ್ಜಿ ಹಾಕಬಹುದು."

ಕಡ್ಡಾಯದ ಪಟ್ಟಿ ಮೂರು ನಾಲ್ಕು ಅಂಶ ದಾಟಿದರೆ ಏಜೆನ್ಸಿಯವರು ಯಾವುದನ್ನೂ ಕಡ್ಡಾಯವೆಂದು ತಿಳಿಯುವುದಿಲ್ಲ. ಎಂಟು ಕೌಶಲ ಕೇಳಿದರೆ ಎಂಟನ್ನೂ ರೆಸ್ಯೂಮೆಯಲ್ಲಿ ಬರೆದುಕೊಂಡವರು ಸಿಗುತ್ತಾರೆ, ನಿಜವಾಗಿ ಬಲ್ಲವರು "ನನಗೆ ಎಲ್ಲ ಬರಲ್ಲ" ಎಂದು ಹಿಂದೆ ಸರಿಯುತ್ತಾರೆ. "ಗಂಡಸರು ಮಾತ್ರ" ಎಂಬ ಸಾಲು ಈಗಲೂ ಹಲವು ಮೇಲ್‌ಗಳಲ್ಲಿ ನುಸುಳುತ್ತದೆ. ನೇಮಕಾತಿಯಲ್ಲಿ ಹೆಣ್ಣು ಗಂಡೆಂಬ ಭೇದ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆಯೇ ತಡೆದಿತ್ತು. 2019ರ ವೇತನ ಸಂಹಿತೆಯಲ್ಲೂ ಆ ನಿಯಮವಿದೆ.

ಇನ್ನು ಸಂಬಳ. ಮಾಲೀಕರು ಹೆಚ್ಚು ಮುಚ್ಚಿಡುವುದು, ಹೆಚ್ಚು ನಷ್ಟ ಅನುಭವಿಸುವುದು ಇಲ್ಲೇ. "25ರಿಂದ 40 ಸಾವಿರ" ಎಂದು ಬರೆದರೆ ಕೆಲಸಗಾರರ ಕಿವಿಗೆ ಬೀಳುವುದು 40, ಮಾಲೀಕರ ಮನಸ್ಸಿನಲ್ಲಿರುವುದು 25. ಮೂರು ಸುತ್ತು ಮುಗಿದ ಮೇಲೆ ಮುರಿದುಬೀಳುವ ಮಾತುಕತೆ ಅದು. ಶ್ರೇಣಿ ಕಿರಿದಾಗಿರಲಿ. ಎರಡು ತುದಿಗೂ ಕಾರಣ ಬರೆಯಿರಿ: "ತಿಂಗಳಿಗೆ ಗ್ರಾಸ್ 28,000ದಿಂದ 34,000. ಮೂರು ಆಕ್ಸಿಸ್ ಮಾತ್ರ ಬಲ್ಲವರಿಗೆ 28,000. ನಾಲ್ಕನೇ ಆಕ್ಸಿಸ್ ಸೆಟ್ ಮಾಡುವವರಿಗೆ 34,000."

ಇಷ್ಟಕ್ಕೇ ನಿಲ್ಲಿಸಿದರೂ ಸಾಲದು. ಏಜೆನ್ಸಿಯವರು ವಾರ್ಷಿಕ ಸಿಟಿಸಿಯಲ್ಲಿ ಮಾತಾಡುತ್ತಾರೆ, ಕೆಲಸಗಾರರು ಕೈಗೆ ಬರುವ ದುಡ್ಡಿನಲ್ಲಿ. ಲೆಕ್ಕ ಹಾಕಿ ನೋಡಿ. ಗ್ರಾಸ್ 28,000, ಅದರಲ್ಲಿ ಪಿಎಫ್‌ಗೆ ಲೆಕ್ಕಕ್ಕೆ ಬರುವ ಮೂಲವೇತನ 15,000 ಎಂದಿಟ್ಟುಕೊಳ್ಳೋಣ. ಕಾರ್ಖಾನೆ ತನ್ನ ಪಾಲಿನ ಪಿಎಫ್ ಶೇ. 12, ಅಂದರೆ 1,800 ಕಟ್ಟುತ್ತದೆ. ಗ್ರಾಚ್ಯುಟಿಗೆಂದು ಸುಮಾರು 720 ತೆಗೆದಿಡುತ್ತದೆ. ಎಲ್ಲ ಸೇರಿ 30,520, ವರ್ಷಕ್ಕೆ 3.66 ಲಕ್ಷ. ಫೋನಿನಲ್ಲಿ "3.66 ಲಕ್ಷ" ಎಂದು ಕೇಳಿದವರು ಹನ್ನೆರಡರಿಂದ ಭಾಗಿಸಿ ಮೂವತ್ತೂವರೆ ಸಾವಿರ ಎಂದುಕೊಳ್ಳುತ್ತಾರೆ. ಅವರದೇ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 26,000. ನಾಲ್ಕೂವರೆ ಸಾವಿರದ ಈ ಅಂತರ ಮೊದಲ ಸಂಬಳದ ದಿನ ಗೊತ್ತಾದರೆ ಎರಡನೇ ತಿಂಗಳು ಆ ಸೆಟ್ಟರ್ ಪಕ್ಕದ ರಸ್ತೆಯ ಕಾರ್ಖಾನೆಯಲ್ಲಿರುತ್ತಾರೆ. ಮೇಲ್‌ನಲ್ಲಿ "ಕೈಗೆ 26,000ದಿಂದ 32,000" ಎಂದು ಬರೆದು, "ಅಭ್ಯರ್ಥಿಗೆ ಇದೇ ಅಂಕಿ ಹೇಳಿ" ಎಂದು ಸೇರಿಸಿದರೆ ಈ ಗೊಂದಲ ಹುಟ್ಟುವುದೇ ಇಲ್ಲ. ಓಟಿ ಇದ್ದರೆ ಅದನ್ನು ಇದರಲ್ಲಿ ಕಲಸದೆ ಬೇರೆಯಾಗಿ ಹೇಳಬೇಕು.

ಏಜೆನ್ಸಿಯ ಶುಲ್ಕವೂ ಇಲ್ಲೇ ತಳಕು ಹಾಕಿಕೊಂಡಿದೆ. ವಾರ್ಷಿಕ ಸಿಟಿಸಿಯ ಶೇ. 8.33, ಅಂದರೆ ಒಂದು ತಿಂಗಳ ಮೊತ್ತ, ಎಂಬುದು ಸಾಮಾನ್ಯ ಕರಾರು. ಸಂಬಳ ಏರಿದಷ್ಟೂ ಶುಲ್ಕ ಏರುವುದರಿಂದ ಶ್ರೇಣಿಯ ಮೇಲಿನ ತುದಿಗೆ ಕಾರಣ ಬರೆದಿಡುವುದು ಮಾಲೀಕರಿಗೂ ಕಾವಲು. "ಅಭ್ಯರ್ಥಿಯಿಂದ ಯಾವ ಹಣವನ್ನೂ ಪಡೆಯಬಾರದು, ಮೂಲ ಅಂಕಪಟ್ಟಿ ಇಟ್ಟುಕೊಳ್ಳಬಾರದು" ಎಂಬ ಸಾಲೂ ಅಲ್ಲೇ ಇರಲಿ. ಕೆಲಸ ಕೊಡಿಸುತ್ತೇವೆಂದು ಹುಡುಗರಿಂದ ದುಡ್ಡು ಕೀಳುವವರು ನಿಮ್ಮ ಕಾರ್ಖಾನೆಯ ಹೆಸರನ್ನೇ ಬಳಸಿಯಾರು.

ಸ್ಥಳದ ವಿಷಯಕ್ಕೆ "ಪೀಣ್ಯ" ಎಂದರೆ ಸಾಲದು, ಅದು ಹಲವು ಹಂತಗಳಲ್ಲಿ ಹಬ್ಬಿದೆ. ಎಷ್ಟನೇ ಹಂತ, ಹಸಿರು ಮಾರ್ಗದ ಯಾವ ಮೆಟ್ರೋ ನಿಲ್ದಾಣದಿಂದ ಎಷ್ಟು ದೂರ ಎಂದು ಬರೆಯಬೇಕು. ಶಿಫ್ಟ್ ಹೊತ್ತು ಅದರ ಪಕ್ಕದಲ್ಲೇ ಬೇಕು, ಏಕೆಂದರೆ ಎರಡೂ ಸೇರಿಯೇ ಒಂದು ಪ್ರಶ್ನೆ. ಬೆಳಿಗ್ಗೆ ಆರಕ್ಕೆ ಮೊದಲ ಶಿಫ್ಟ್, ರಾತ್ರಿ ಹತ್ತಕ್ಕೆ ಎರಡನೆಯದು ಮುಗಿಯುವುದಾದರೆ ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿಯವರಿಗೆ ಸಲೀಸು. ಬೊಮ್ಮಸಂದ್ರದ ಕಡೆ ಮನೆ ಇರುವವರು ಹೂಂ ಎಂದರೂ ಹೆಚ್ಚು ದಿನ ನಿಲ್ಲಲಾರರು. "ಮನೆ ಎಲ್ಲಿ, ಬೆಳಿಗ್ಗೆ ಆರಕ್ಕೆ ಹೇಗೆ ಬರುತ್ತೀರಿ ಎಂದು ಕೇಳಿ" ಎಂಬುದನ್ನೂ ಮೇಲ್‌ನಲ್ಲೇ ಬರೆದುಬಿಡಬಹುದು.

ಅಭ್ಯರ್ಥಿಗಳನ್ನು ಸೋಸುವ ಕ್ರಮವನ್ನು ಎರಡೇ ಸಾಲಿನಲ್ಲಿ ಮುಗಿಸಿದ ಮೇಲ್‌ಗಳೇ ಹೆಚ್ಚು. ಈ ಭಾಗಕ್ಕೆ ಅರ್ಧ ಪುಟ ಕೊಟ್ಟರೂ ತಪ್ಪಿಲ್ಲ. ಏಜೆನ್ಸಿಯವರು ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಉತ್ತರದ ಸಮೇತ ಕೊಡಬೇಕು. ಮೊದಲನೆಯದು: "ನಿಮ್ಮ ಈಗಿನ ಕಾರ್ಖಾನೆಯಲ್ಲಿ ಹೊಸ ಜಾಬ್ ಬಂದರೆ ಮೆಷಿನ್ ಸೆಟ್ ಮಾಡುವವರು ಯಾರು?" "ಸೆಟ್ಟರ್ ಬರುತ್ತಾರೆ" ಎಂದರೆ ಅವರು ಆಪರೇಟರ್, ಮಾತು ಅಲ್ಲಿಗೇ ಸಾಕು. ಎರಡನೆಯದು: "ಟೂಲು ಮುರಿದು ಹೊಸದು ಹಾಕಿದ ಮೇಲೆ ಏನು ಮಾಡುತ್ತೀರಿ?" ಹೊಸ ಟೂಲಿನ ಉದ್ದವನ್ನು ಮತ್ತೆ ಅಳೆದು ಆಫ್‌ಸೆಟ್ ಹಾಕುವ ಮಾತು ಉತ್ತರದಲ್ಲಿ ಬರಲೇಬೇಕು. ಅದಿಲ್ಲದೆ ಯಂತ್ರ ಓಡಿಸಿದರೆ ಟೂಲು ತುಂಡಿಗೋ ವೈಸಿಗೋ ಹೋಗಿ ಬಡಿಯಬಹುದು.

ಮೂರನೆಯದು ಸ್ವಲ್ಪ ಸೂಕ್ಷ್ಮ: "25 ಮಿಲಿಮೀಟರ್ ಬೋರ್ 24.98 ಬಂದಿದೆ, ಆಫ್‌ಸೆಟ್‌ನಲ್ಲಿ ಎಷ್ಟು ಬದಲಿಸುತ್ತೀರಿ?" ಕಟ್ಟರನ್ನು ಸುತ್ತಿಸಿ ಬೋರ್ ಮಾಡುವಾಗ ಫಾನುಕ್‌ನಲ್ಲಿ ಸಾಮಾನ್ಯವಾಗಿ ಕಟ್ಟರಿನ ತ್ರಿಜ್ಯವನ್ನು ಹಾಕಿರುತ್ತಾರೆ. ವ್ಯಾಸದಲ್ಲಿ 0.02 ಕಮ್ಮಿ ಬಂದಿದ್ದರೆ ತ್ರಿಜ್ಯದಲ್ಲಿ ಅದರ ಅರ್ಧ, 0.01 ತಗ್ಗಿಸಬೇಕು. "0.02" ಎಂದವರು ಕೈಯಾರೆ ಮಾಡಿರುವುದು ಅನುಮಾನ. "ಬೋರ್ ಕಟ್ಟರಿನಲ್ಲಿ ಸುತ್ತಿಸಿ ಮಾಡಿದ್ದೋ, ಬೋರಿಂಗ್ ಹೆಡ್‌ನಲ್ಲೋ?" ಎಂದು ಮರುಪ್ರಶ್ನೆ ಹಾಕಿದವರ ಹೆಸರಿನ ಮುಂದೆ ಗುರುತು ಹಾಕಿಕೊಳ್ಳಲು ಹೇಳಿ. ಬೋರಿಂಗ್ ಹೆಡ್ ಆದರೆ ಆಫ್‌ಸೆಟ್ ಮುಟ್ಟುವಂತಿಲ್ಲ, ಹೆಡ್ಡನ್ನೇ ತಿರುಗಿಸಿ ಸರಿಮಾಡಬೇಕು. ಆ ವ್ಯತ್ಯಾಸ ನೆನಪಿಗೆ ಬಂದದ್ದೇ ಅನುಭವದ ಕುರುಹು. ಏಜೆನ್ಸಿಯವರು ಸರಿ ತಪ್ಪು ತೀರ್ಮಾನಿಸುವ ಗೊಡವೆ ಬೇಡ, ಅಭ್ಯರ್ಥಿ ಹೇಳಿದ್ದನ್ನು ಹಾಗೇ ಬರೆದು ರೆಸ್ಯೂಮೆ ಜೊತೆ ಕಳಿಸಿದರೆ ಶಾಪಿನ ಸೂಪರ್‌ವೈಸರ್ ಓದಿಕೊಳ್ಳುತ್ತಾರೆ.

ಮುಂದಿನ ಹಂತ ಕಾರ್ಖಾನೆಯದು: ಸೂಪರ್‌ವೈಸರ್ ಜೊತೆ ಫೋನ್, ಆಮೇಲೆ ಅರ್ಧ ದಿನದ ಟ್ರಯಲ್. ಟ್ರಯಲ್‌ನಲ್ಲಿ ಡ್ರಾಯಿಂಗ್ ಓದಿಸಿ, ಒಂದು ಪೀಸನ್ನು ಅಳೆಯಿಸಿ, ಸೂಪರ್‌ವೈಸರ್ ಪಕ್ಕದಲ್ಲಿ ನಿಂತು ಒಂದು ಸೆಟ್ಟಿಂಗ್ ಮಾಡಿಸುವುದು. ಬಂದುಹೋಗುವ ಖರ್ಚು ಕೊಡುತ್ತೇವೆ, ಎರಡು ದಿನದಲ್ಲಿ ಉತ್ತರ ಹೇಳುತ್ತೇವೆ ಎಂದು ಮೇಲ್‌ನಲ್ಲಿ ಬರೆದರೆ ಬರೆದಂತೆ ನಡೆಯಬೇಕು. ಒಳ್ಳೆಯ ಸೆಟ್ಟರ್ ವಾರಗಟ್ಟಲೆ ಕಾಯುವುದಿಲ್ಲ.

ಮೇಲ್ ಕಳಿಸಿದ ಮೇಲೂ ಕೆಲಸವಿದೆ. ಮೊದಲ ಐದು ರೆಸ್ಯೂಮೆಗಳನ್ನು "ಬೇಡ" ಎಂದಷ್ಟೇ ವಾಪಸ್ ಮಾಡದೆ, ಯಾವ ಪ್ರಶ್ನೆಯಲ್ಲಿ ಯಾಕೆ ಬಿದ್ದರೆಂದು ಬರೆದು ಕಳಿಸಿದರೆ ಆರನೆಯದು ಸರಿಯಾಗಿರುವ ಸಂಭವ ಹೆಚ್ಚು. ಎಲ್ಲರೂ ಸಂಬಳದ ಮಾತಿಗೆ ಹಿಂದೆ ಸರಿಯುತ್ತಿದ್ದರೆ ಶ್ರೇಣಿ ತಪ್ಪಿದೆ. ಸಂಬಳಕ್ಕೆ ಒಪ್ಪಿದವರೆಲ್ಲ ಮೂರನೇ ಪ್ರಶ್ನೆಯಲ್ಲಿ ಬೀಳುತ್ತಿದ್ದರೆ ಆ ದುಡ್ಡಿಗೆ ಆ ಕೈಚಳಕ ಸಿಗುತ್ತಿಲ್ಲ. ಆಗ ಸಂಬಳ ಏರಿಸಬೇಕು, ಇಲ್ಲವೇ ಬೇರೆಯದೇ ಮೇಲ್ ಬರೆಯಬೇಕು: "ವಿಎಂಸಿ ಆಪರೇಟರ್ ಬೇಕು, ಆರು ತಿಂಗಳಲ್ಲಿ ಸೆಟ್ಟಿಂಗ್ ಕಲಿಸುತ್ತೇವೆ, ಗ್ರಾಸ್ 20,000." ಅಲ್ಲಿ ಕೈಗೆ ಬರುವ ದುಡ್ಡಿನ ಲೆಕ್ಕ ಹೊಸದಾಗಿ ಹಾಕಬೇಕಾಗುತ್ತದೆ. 21,000ದವರೆಗಿನ ಸಂಬಳ ಇಎಸ್‌ಐ ವ್ಯಾಪ್ತಿಗೆ ಬರುವುದರಿಂದ ಅವರ ಪಾಲಿಗೆ 150 ರೂಪಾಯಿ ಅದಕ್ಕೂ ಹೋಗುತ್ತದೆ, ವೃತ್ತಿ ತೆರಿಗೆ ಇರುವುದಿಲ್ಲ.