ಇಂಟರ್ನ್‌ಶಿಪ್ ಮುಗಿದ ಮೇಲೂ ಬರಲೇ, ಸಾರ್?

ಆಡಿಟರ್ ಆಫೀಸಿನಲ್ಲಿ ಇಂಟರ್ನ್‌ಶಿಪ್ ಮುಗಿಸುತ್ತಿರುವ ಬಿ.ಕಾಂ. ವಿದ್ಯಾರ್ಥಿಗಳು ಪಾರ್ಟ್‌ಟೈಮ್ ಮುಂದುವರಿಯಲು ಪತ್ರ ಬರೆದರೆ, "ಬಿಡುವಿದ್ದಾಗಲೆಲ್ಲ ಬಂದು ಕೆಲಸ ಮಾಡುತ್ತೇನೆ" ಎಂದು ಸೇರಿಸುವುದುಂಟು. ಬರೆಯುವವರಿಗೆ ಅದು ವಿನಯದ ಮಾತು. ಓದುವ ಆಡಿಟರಿಗೆ ಯಾವತ್ತು ಕೆಲಸ ಒಪ್ಪಿಸಬಹುದು ಎಂಬುದೇ ಅದರಿಂದ ತಿಳಿಯುವುದಿಲ್ಲ.

ಆ ಆಫೀಸಿನ ತಿಂಗಳು ನಡೆಯುವುದು ಜಿಎಸ್‌ಟಿ ತಾರೀಖುಗಳ ಮೇಲೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ವ್ಯಾಪಾರಿಗಳು ಮಾರಾಟದ ವಿವರವಾದ ಜಿಎಸ್‌ಟಿಆರ್-1 ಅನ್ನು 11ರೊಳಗೆ ಸಲ್ಲಿಸಬೇಕು. 14ರ ಹೊತ್ತಿಗೆ ಪೋರ್ಟಲ್‌ನಲ್ಲಿ ಖರೀದಿಯ ಪಟ್ಟಿ 2ಬಿ ಸಿಗುತ್ತದೆ. 20ಕ್ಕೆ ತೆರಿಗೆ ಕಟ್ಟಿ 3ಬಿ ಸಲ್ಲಿಸಬೇಕು. 14ರಿಂದ 20ರವರೆಗೆ ಆಫೀಸಿನಲ್ಲಿ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಅಂಗಡಿಯವರು ತಂದುಕೊಟ್ಟ ಖರೀದಿ ಬಿಲ್ಲುಗಳನ್ನು 2ಬಿ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಬಿಲ್ಲು ಕೈಯಲ್ಲಿದ್ದರೂ ಪಟ್ಟಿಯಲ್ಲಿ ಇಲ್ಲದಿದ್ದರೆ ಅದರ ಇನ್‌ಪುಟ್ ಕ್ರೆಡಿಟ್ ಆ ತಿಂಗಳು ಸಿಗುವುದಿಲ್ಲ. ಮಾರಿದವರು ರಿಟರ್ನ್ ಹಾಕಿಲ್ಲವೋ, ಜಿಎಸ್‌ಟಿ ನಂಬರ್ ತಪ್ಪು ಹಾಕಿದ್ದಾರೋ ಎಂದು ಫೋನ್ ಮಾಡಿ ಕೇಳಬೇಕು. ಇಂಟರ್ನ್ ಚೆನ್ನಾಗಿ ಕಲಿತಿರುವುದೂ ಇದೇ ಕೆಲಸವನ್ನು. ಹಾಗಾಗಿ ಪತ್ರದ ವೇಳಾಪಟ್ಟಿ ಕಾಲೇಜಿನ ಟೈಮ್‌ಟೇಬಲ್ಲಿಗೆ ಹೊಂದಿದರೆ ಸಾಲದು, ಈ ಏಳು ದಿನಗಳಿಗೂ ಹೊಂದಬೇಕು.

ದಾವಣಗೆರೆಯ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಕಾಲೇಜು ಮೂರಕ್ಕೆ ಬಿಡುತ್ತದೆ, ಶನಿವಾರ ಹನ್ನೆರಡೂವರೆಗೆ. ಬಸ್ಸಿನಲ್ಲಿ ಆಫೀಸಿಗೆ ಅರ್ಧ ಗಂಟೆ. ಮೂರಕ್ಕೆ ಬಿಟ್ಟರೆ ಮೂರೂವರೆಗೆ ಹಾಜರ್ ಎಂದು ಬರೆದುಕೊಟ್ಟವರು ಮೊದಲ ವಾರವೇ ತಡವಾಗಿ ಬರುತ್ತಾರೆ. ಬಸ್ಸಿಗೆ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಕೆಯ ಪತ್ರ ಹೀಗಿರಬಹುದು:

"ಮಾನ್ಯರೇ, ನನ್ನ ಇಂಟರ್ನ್‌ಶಿಪ್ ಮುಂದಿನ ತಿಂಗಳ 30ಕ್ಕೆ ಮುಗಿಯುತ್ತದೆ. ಆಮೇಲೂ ಖರೀದಿ ಬಿಲ್ಲುಗಳ ಎಂಟ್ರಿ ಮತ್ತು 2ಬಿ ತಾಳೆ ಕೆಲಸದಲ್ಲಿ ಪಾರ್ಟ್‌ಟೈಮ್ ಮುಂದುವರಿಯಲು ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಸೋಮವಾರ, ಬುಧವಾರ, ಶುಕ್ರವಾರ 3.45ರಿಂದ 6.15, ಶನಿವಾರ 1.30ರಿಂದ 6.00, ಹೀಗೆ ವಾರಕ್ಕೆ 12 ಗಂಟೆ ಬರುತ್ತೇನೆ. ಪ್ರತಿ ತಿಂಗಳು 14ರಿಂದ 20ರವರೆಗೆ ಮಂಗಳವಾರ, ಗುರುವಾರವೂ ಅದೇ ಹೊತ್ತಿಗೆ ಬರುತ್ತೇನೆ. ಆಗ 17 ಗಂಟೆಯಾಗುತ್ತದೆ. ಇಂಟರ್ನಲ್ ಟೆಸ್ಟ್ ಇರುವ ವಾರ ಶನಿವಾರ ಮಾತ್ರ ಬರಬಲ್ಲೆ. ಸೆಮಿಸ್ಟರ್ ಪರೀಕ್ಷೆಯ ಸಮಯದಲ್ಲಿ ಬರಲಾಗುವುದಿಲ್ಲ. ತಾರೀಖು ಪ್ರಕಟವಾದ ದಿನವೇ ತಿಳಿಸುತ್ತೇನೆ. ದಿನವೂ ಹೊರಡುವ ಮುಂಚೆ ಬಾಕಿ ಕೆಲಸವನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ. ಮೊದಲ ಎರಡು ತಿಂಗಳು ನೋಡಿ, ಮುಂದಿನದನ್ನು ತಾವು ತೀರ್ಮಾನಿಸಬಹುದು."

14ರಿಂದ 20 ಎಂದರೆ ಸರಿಯಾಗಿ ಏಳು ದಿನ. ತಿಂಗಳು ಯಾವ ವಾರದಿಂದ ಶುರುವಾದರೂ ಅದರಲ್ಲಿ ಒಂದು ಮಂಗಳವಾರ, ಒಂದು ಗುರುವಾರ ಇದ್ದೇ ಇರುತ್ತವೆ. ಆದ್ದರಿಂದ ಆ ಐದು ಗಂಟೆ ಹೆಚ್ಚುವರಿ ಕೆಲಸ ಯಾವ ತಿಂಗಳೂ ತಪ್ಪುವುದಿಲ್ಲ.

ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ರಿಜಿಸ್ಟರಿನ ಮಾತು. ಪಾರ್ಟ್‌ಟೈಮ್ ಕೆಲಸ ಕೆಡುವುದು ಗಂಟೆ ಕಡಿಮೆಯಾಗಿ ಅಲ್ಲ, ನಡುವೆ ಕೊಂಡಿ ಕಳಚಿ. ಸೋಮವಾರ ಆಕೆ ಸಿಮೆಂಟ್ ಅಂಗಡಿಗೆ ಫೋನ್ ಮಾಡಿ ಬಿಲ್ಲೊಂದರ ಬಗ್ಗೆ ಕೇಳುತ್ತಾಳೆ. ಅಂಗಡಿಯವರು ಮಂಗಳವಾರ ವಾಪಸ್ ಫೋನ್ ಮಾಡಿದಾಗ ಆಕೆ ಇರುವುದಿಲ್ಲ, ಎತ್ತಿದವರಿಗೆ ಯಾವ ಬಿಲ್ಲೆಂದು ಗೊತ್ತಿರುವುದಿಲ್ಲ. ಬಿಲ್ ನಂಬರ್, ಮೊತ್ತ, ಯಾರೊಡನೆ ಮಾತಾಡಿದ್ದು, ಅವರು ಏನೆಂದರು, ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಟ್ಟಿದ್ದರೆ ಸಾಕಿತ್ತು.

ಹಣದ ಮಾತನ್ನು ಪತ್ರದಲ್ಲಿ ಬರೆಯದೆ ಎದುರು ಕೂತು ಆಡುವುದೇ ನಮ್ಮಲ್ಲಿ ಹೆಚ್ಚು ಹೊಂದುತ್ತದೆ. ಆದರೆ ಲೆಕ್ಕ ಕೈಯಲ್ಲಿರಲಿ. ಮೂರು ಸಾಮಾನ್ಯ ವಾರ, ಒಂದು ಬಿಗಿ ವಾರ ಸೇರಿದರೆ ನಾಲ್ಕು ವಾರಕ್ಕೆ 53 ಗಂಟೆ. ಇಂಟರ್ನ್‌ಶಿಪ್ಪಿನಲ್ಲಿ ವಾರಕ್ಕೆ 42 ಗಂಟೆ ದುಡಿದಿದ್ದರೆ ಅದೇ ಸ್ಟೈಪೆಂಡ್ ನಿರೀಕ್ಷಿಸುವುದು ನ್ಯಾಯವಲ್ಲ. ಗಂಟೆಯ ಲೆಕ್ಕದಲ್ಲಿ ಮಾತಾಡಿದರೆ ಪರೀಕ್ಷೆಯ ತಿಂಗಳಲ್ಲೂ ತಕರಾರು ಬರುವುದಿಲ್ಲ.

ಸಿ.ಎ. ಆರ್ಟಿಕಲ್‌ಶಿಪ್‌ಗೆ ಈ ಪತ್ರ ಹೊಂದುವುದಿಲ್ಲ. ಅದು ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯಲ್ಲಿ ನೋಂದಾಯಿಸಿ, ಅದರ ನಿಯಮದಂತೆ ಮಾಡಬೇಕಾದ ತರಬೇತಿ.

ಪತ್ರವನ್ನು ಕೊನೆಯ ದಿನ ಕೊಡಬಾರದು. ಐದಾರು ವಾರ ಮುಂಚೆ, 20 ಕಳೆದು ಆಫೀಸು ಉಸಿರಾಡುವ ಹೊತ್ತಿಗೆ ಕೊಟ್ಟರೆ ಆಡಿಟರ್ ಓದುತ್ತಾರೆ. ಅದಕ್ಕೆ ಇಂಟರ್ನ್‌ಶಿಪ್ ಮುಗಿಯುವ ಹಿಂದಿನ ತಿಂಗಳ 21 ಅಥವಾ 22 ಒಳ್ಳೆಯ ದಿನ. ಅವರು "ಶುಕ್ರವಾರ ಬೇಡಮ್ಮ, ಶನಿವಾರ ಬೆಳಿಗ್ಗೆಯಿಂದಲೇ ಬಾ" ಎನ್ನಬಹುದು. ಹೂಂ ಎನ್ನುವ ಮುಂಚೆ ಶನಿವಾರದ ತರಗತಿಗಳ ಹಾಜರಿ ಎಷ್ಟಿದೆ ಎಂದು ನೋಡಿಕೊಳ್ಳಬೇಕು. ಹಾಜರಿ ಕಡಿಮೆಯಿದ್ದರೆ ಶುಕ್ರವಾರದ ಬದಲು ಮಂಗಳವಾರ ಬರುತ್ತೇನೆ ಎಂದು ಅಲ್ಲೇ ಹೇಳಿಬಿಡಬಹುದು.